ವಿಡಿಯೊ ಸಭೆಯಲ್ಲಿ ಮುಖ ಕಾಣಬೇಕಾದರೆ: ಕ್ಯಾಮೆರಾ ಖರೀದಿಗೆ ಮುನ್ನ ಬೆಳಕಿನ ವಿಚಾರ



ತಾಲ್ಲೂಕು ಮಟ್ಟದ ಪರಿಶೀಲನಾ ಸಭೆಗಳು ಇತ್ತೀಚೆಗೆ ಹೆಚ್ಚಾಗಿ ವಿಡಿಯೊ ಮೂಲಕವೇ ನಡೆಯುತ್ತಿವೆ. ಇಂತಹ ಒಂದು ಸಭೆಯಲ್ಲಿ ನಮ್ಮ ಪಂಚಾಯಿತಿಯ ಹಿರಿಯ ಸದಸ್ಯೆಯೊಬ್ಬರು ತಮ್ಮ ವಾರ್ಡಿನ ಕೊಳವೆಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದರು. ನಿಂತ ನೀರು ಕೆಲವೇ ಗಂಟೆಗಳಲ್ಲಿ ಕೆಂಪಗಾಗುತ್ತದೆ ಎಂಬುದು ಅವರ ದೂರು. ಅವರು ಬಾಟಲಿಯನ್ನು ಎತ್ತಿ ಹಿಡಿದರು. ಆ ಕಡೆಯಿಂದ ಬಂದ ಪ್ರಶ್ನೆ ಒಂದೇ: "ಮಾತನಾಡುತ್ತಿರುವವರು ಯಾರು? ಇಲ್ಲಿ ಏನೂ ಕಾಣುತ್ತಿಲ್ಲವಲ್ಲ." ಪರದೆಯಲ್ಲಿ ಅವರ ಮುಖ ಕಪ್ಪು ನೆರಳಿನಂತಿತ್ತು, ಬಾಟಲಿಯಂತೂ ಅರ್ಧ ಮಾಯವಾಗಿತ್ತು. ಸಮಯದ ಅಭಾವದಿಂದ ವಿಷಯ ಮುಂದಿನ ಸಭೆಗೆ ಹೋಯಿತು. ತಪ್ಪು ನಮ್ಮ ಕಚೇರಿಯದೇ ಆಗಿತ್ತು.

ಹೊಸ ಕ್ಯಾಮೆರಾ ಖರೀದಿಸಬೇಕೆಂಬ ಸಲಹೆ ಕೂಡಲೇ ಬಂದಿತು. ಸ್ವಂತ ಸಂಪನ್ಮೂಲದಿಂದ ವೆಚ್ಚ ಮಾಡುವ ಮೊದಲು ಕಾರಣವನ್ನು ಪರೀಕ್ಷಿಸುವುದು ಸೂಕ್ತವೆಂದು ಭಾವಿಸಿ, ಇರುವ ಕ್ಯಾಮೆರಾದಿಂದಲೇ ಕೆಲವು ಪ್ರಯೋಗಗಳನ್ನು ಮಾಡಲಾಯಿತು. ಅವುಗಳಿಂದ ತಿಳಿದುಬಂದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಕ್ಯಾಮೆರಾದ ಒಳಗಿನ ಮಿತಿ

ವೆಬ್‌ಕ್ಯಾಮ್‌ನ ಒಳಗೆ ಬೆಳಕನ್ನು ಗ್ರಹಿಸುವ ಸೆನ್ಸರ್ ಎಂಬ ಚಿಪ್ ಇರುತ್ತದೆ. ಅದರ ಗಾತ್ರ ಸಾಮಾನ್ಯವಾಗಿ ಒಂದು ತೊಗರಿ ಕಾಳಿನಷ್ಟು. ಮದುವೆ ಸಮಾರಂಭಗಳಲ್ಲಿ ಛಾಯಾಗ್ರಾಹಕರು ಬಳಸುವ ದೊಡ್ಡ ಕ್ಯಾಮೆರಾದ ಸೆನ್ಸರ್ ವಿಸ್ತೀರ್ಣದಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ. ಮಳೆಯಲ್ಲಿ ಲೋಟ ಇಟ್ಟರೂ ಹಂಡೆ ಇಟ್ಟರೂ ಬೀಳುವ ಮಳೆ ಒಂದೇ. ಆದರೆ ಸಂಗ್ರಹವಾಗುವ ನೀರಿನ ಪ್ರಮಾಣ ಬೇರೆ. ಬೆಳಕಿನ ವಿಚಾರವೂ ಹಾಗೆಯೇ.

ಇದರ ಜೊತೆಗೆ ಸಮಯದ ಮಿತಿಯೂ ಇದೆ. ಸೆಕೆಂಡಿಗೆ 30 ಚಿತ್ರಗಳನ್ನು ಕಳುಹಿಸಬೇಕಾದ ಕ್ಯಾಮೆರಾಗೆ ಒಂದು ಚಿತ್ರಕ್ಕೆ ಬೆಳಕು ಸಂಗ್ರಹಿಸಲು ದೊರೆಯುವ ಅವಧಿ ಹೆಚ್ಚೆಂದರೆ ಸೆಕೆಂಡಿನ ಮೂವತ್ತನೆಯ ಒಂದು ಭಾಗ. ಕೋಣೆ ಮಬ್ಬಾಗಿದ್ದರೆ ಅಷ್ಟರಲ್ಲಿ ಸಾಕಷ್ಟು ಬೆಳಕು ದೊರೆಯುವುದಿಲ್ಲ. ಆಗ ಅನೇಕ ಕ್ಯಾಮೆರಾಗಳು ತಾವಾಗಿಯೇ ಎರಡು ಕೆಲಸ ಮಾಡುತ್ತವೆ. ಮೊದಲನೆಯದು, ಸೆಕೆಂಡಿಗೆ 15 ಚಿತ್ರಗಳಿಗೆ ಇಳಿದು ಪ್ರತಿ ಚಿತ್ರಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳುವುದು. ಇದರಿಂದ ಕೈ ಆಡಿಸಿದರೆ ಎಳೆದಂತೆ ಕಾಣುತ್ತದೆ. ಎರಡನೆಯದು, ದೊರೆತ ಕ್ಷೀಣ ಸಂಕೇತವನ್ನು ವಿದ್ಯುನ್ಮಾನವಾಗಿ ಹಿಗ್ಗಿಸುವುದು. ಇದರಿಂದ ಚಿತ್ರದ ಜೊತೆ ದೋಷವೂ ಹಿಗ್ಗಿ, ಗೋಡೆಯ ಮೇಲೆ ಹಾಗೂ ಮುಖದ ನೆರಳಿನ ಭಾಗದಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು ಕುಣಿಯುತ್ತವೆ. ಈ ಎರಡು ಲಕ್ಷಣಗಳು ಕಂಡುಬಂದರೆ ಕೊರತೆ ಬೆಳಕಿನದೆಂದು ಮೊದಲು ಸಂದೇಹಿಸಬೇಕು.

ಕುಣಿಯುವ ಚುಕ್ಕೆಗಳಿಂದ ಇನ್ನೊಂದು ತೊಂದರೆಯೂ ಇದೆ. ವಿಡಿಯೊವನ್ನು ಇಂಟರ್ನೆಟ್ ಮೂಲಕ ಕಳುಹಿಸುವಾಗ ಬದಲಾಗದ ಭಾಗವನ್ನು ಬಿಟ್ಟು ಬದಲಾದ ಭಾಗವನ್ನಷ್ಟೇ ಕಳುಹಿಸಲು ತಂತ್ರಾಂಶ ಪ್ರಯತ್ನಿಸುತ್ತದೆ. ಚುಕ್ಕೆಗಳು ಪ್ರತಿ ಚಿತ್ರದಲ್ಲೂ ಬದಲಾಗುವುದರಿಂದ ಖಾಲಿ ಗೋಡೆಯೂ ಬದಲಾಗುತ್ತಿರುವಂತೆ ಅದಕ್ಕೆ ತೋರುತ್ತದೆ. ಸೀಮಿತ ವೇಗದ ಸಂಪರ್ಕ ಗೋಡೆಯ ಚುಕ್ಕೆಗಳಿಗೇ ವ್ಯಯವಾಗಿ, ಮುಖ ಚೌಕಚೌಕವಾಗಿ ಒಡೆಯುತ್ತದೆ. ಆದ್ದರಿಂದ ನೆಟ್‌ವರ್ಕ್ ಸರಿಯಿಲ್ಲವೆಂದು ನಾವು ದೂರುವ ಕೆಲವು ಸಂದರ್ಭಗಳಲ್ಲಿ ಕಾರಣ ಕೋಣೆಯ ಮಬ್ಬು ಬೆಳಕಾಗಿರಬಹುದು.

ಕಿಟಕಿ ಯಾವ ದಿಕ್ಕಿಗೆ ಇರಬೇಕು?

ನಮ್ಮ ಸಭಾಕೋಣೆಯಲ್ಲಿ ಸದಸ್ಯರು ಕಿಟಕಿಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದರು. ಕ್ಯಾಮೆರಾ ಇಡೀ ದೃಶ್ಯದ ಸರಾಸರಿ ಪ್ರಕಾಶವನ್ನು ಅಳೆದು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಹಗಲಿನ ಕಿಟಕಿ ಕೋಣೆಗಿಂತ ಅನೇಕ ಪಟ್ಟು ಪ್ರಕಾಶಮಾನವಾಗಿರುವುದರಿಂದ "ಬೆಳಕು ಅತಿಯಾಯಿತು" ಎಂದು ನಿರ್ಣಯಿಸಿ ಚಿತ್ರವನ್ನೆಲ್ಲ ಮಂಕಾಗಿಸುತ್ತದೆ. ಕಿಟಕಿ ಚೆನ್ನಾಗಿ ಕಾಣುತ್ತದೆ, ಮುಂದೆ ಕುಳಿತವರು ಕಪ್ಪಾಗುತ್ತಾರೆ. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟು ಕುಳಿತಾಗಲೂ ಸ್ವಲ್ಪಮಟ್ಟಿಗೆ ಇದೇ ಆಗುತ್ತದೆ; ಮೈಬಣ್ಣ ಗಾಢವಾಗಿರುವವರ ಮುಖದ ವಿವರಗಳು ಮೊದಲು ಕಳೆದುಹೋಗುತ್ತವೆ. ಇದು ಯಂತ್ರದ ಲೆಕ್ಕಾಚಾರದ ದೋಷವೇ ಹೊರತು ಕುಳಿತವರ ದೋಷವಲ್ಲ.

ನಾವು ಮೇಜನ್ನು ಪೂರ್ತಿ ತಿರುಗಿಸಿ, ಕಿಟಕಿ ಸದಸ್ಯರ ಎದುರಿಗೆ ಬರುವಂತೆಯೂ, ಕ್ಯಾಮೆರಾ ಕಿಟಕಿಯ ಕಡೆಯಿಂದ ಅವರನ್ನು ನೋಡುವಂತೆಯೂ ಇರಿಸಿದೆವು. ಕಂಪ್ಯೂಟರಿನಲ್ಲಿರುವ ಕ್ಯಾಮೆರಾ ಆ್ಯಪ್‌ನಿಂದ ಎರಡೂ ವಿಧಾನಗಳಲ್ಲಿ ಹತ್ತು ಹತ್ತು ಸೆಕೆಂಡು ಚಿತ್ರೀಕರಿಸಿ ಹೋಲಿಸಿದಾಗ ವ್ಯತ್ಯಾಸ ಎಲ್ಲರಿಗೂ ಸ್ಪಷ್ಟವಾಯಿತು. ಒಂದು ರೂಪಾಯಿಯೂ ವೆಚ್ಚವಾಗಿರಲಿಲ್ಲ. ಮಧ್ಯಾಹ್ನದ ನಂತರ ನೇರ ಬಿಸಿಲು ಮುಖದ ಮೇಲೆ ಬಿದ್ದು ಒಂದು ಕೆನ್ನೆ ಬೆಳ್ಳಗೆ, ಇನ್ನೊಂದು ಕಪ್ಪಗೆ ಕಾಣತೊಡಗಿತು. ಕಿಟಕಿಗೆ ತೆಳುವಾದ ಬಿಳಿ ಪಂಚೆಯನ್ನು ಇಳಿಬಿಟ್ಟಾಗ ಬೆಳಕು ಹರಡಿ ಮೃದುವಾಯಿತು.

ಸಂಜೆಯ ಸಭೆಗಳಿಗೆ ಕಿಟಕಿಯ ನೆರವು ಇರುವುದಿಲ್ಲ. ಕೋಣೆಯ ಏಕೈಕ ಟ್ಯೂಬ್‌ಲೈಟ್ ಸದಸ್ಯರ ಬೆನ್ನ ಹಿಂದಿನ ಗೋಡೆಯಲ್ಲಿತ್ತು. 20 ವ್ಯಾಟ್‌ನ ಒಂದು ಎಲ್‌ಇಡಿ ಟ್ಯೂಬನ್ನು ಎದುರಿನ ಗೋಡೆಯಲ್ಲಿ, ಕುಳಿತವರ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಅಳವಡಿಸಲಾಯಿತು. ನೆತ್ತಿಯ ಮೇಲೆ ನೇರವಾಗಿ ದೀಪವಿದ್ದರೆ ಕಣ್ಣಿನ ಕುಳಿಗಳಲ್ಲಿ ನೆರಳು ಬೀಳುತ್ತದೆ. ಎದುರಿನಿಂದ ಬಂದರೆ ಬೀಳುವುದಿಲ್ಲ. ಕನ್ನಡಕದಲ್ಲಿ ದೀಪ ಪ್ರತಿಫಲಿಸಿದರೆ ಅದನ್ನು ಇನ್ನಷ್ಟು ಮೇಲಕ್ಕೆ ಅಥವಾ ಪಕ್ಕಕ್ಕೆ ಸರಿಸಬೇಕು. ದೀಪ ಹಾಕಿದಾಗ ಪರದೆಯಲ್ಲಿ ಅಡ್ಡಪಟ್ಟಿಗಳು ಉರುಳಿದರೆ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ವಿದ್ಯುತ್ ಆವರ್ತನ 60 Hz ಎಂದಿದೆಯೇ ನೋಡಿ 50 Hz ಎಂದು ಬದಲಾಯಿಸತಕ್ಕದ್ದು. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 Hz.

ಬೆಳಕಿನಿಂದಲೂ ಸರಿಯಾಗದ್ದು

ಬೆಳಕು ಸರಿಯಾದ ಮೇಲೂ ಮೇಜಿನ ತುದಿಯಲ್ಲಿದ್ದ ಸದಸ್ಯರ ಮುಖ ಅಸ್ಪಷ್ಟವಾಗಿಯೇ ಇತ್ತು. ಇದಕ್ಕೆ ಕಾರಣ ದೂರ. ಲೆಕ್ಕ ಸರಳವಾಗಿದೆ. ಅಡ್ಡಲಾಗಿ 70 ಡಿಗ್ರಿ ವ್ಯಾಪ್ತಿಯ ಕ್ಯಾಮೆರಾ 4 ಮೀಟರ್ ದೂರದಲ್ಲಿ ಸುಮಾರು 5.6 ಮೀಟರ್ ಅಗಲವನ್ನು ನೋಡುತ್ತದೆ. ಚಿತ್ರದ ಅಡ್ಡಸಾಲಿನಲ್ಲಿ 1280 ಪಿಕ್ಸೆಲ್ ಇದ್ದರೆ, 15 ಸೆಂಟಿಮೀಟರ್ ಅಗಲದ ಮುಖಕ್ಕೆ ದೊರೆಯುವುದು ಸುಮಾರು 34 ಪಿಕ್ಸೆಲ್ ಮಾತ್ರ. ಅದೇ ವ್ಯಕ್ತಿ 1 ಮೀಟರ್ ದೂರದಲ್ಲಿ ಕುಳಿತರೆ ಸುಮಾರು 137 ಪಿಕ್ಸೆಲ್ ದೊರೆಯುತ್ತವೆ. ಆದ್ದರಿಂದ ಮಾತನಾಡುವ ಸದಸ್ಯರು ತಮ್ಮ ಸರದಿ ಬಂದಾಗ ಕ್ಯಾಮೆರಾದ ಎದುರಿನ ಕುರ್ಚಿಗೆ ಬರುವ ಪದ್ಧತಿಯನ್ನು ಮಾಡಿಕೊಂಡೆವು.

ಇದೇ ಲೆಕ್ಕದಂತೆ, 1 ಮೀಟರ್ ದೂರದಲ್ಲಿ ಹಿಡಿದ ಕಾಗದದ 3 ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಮೂರು ಪಿಕ್ಸೆಲ್ ಕೂಡ ದೊರೆಯುವುದಿಲ್ಲ. ಅದನ್ನು ಯಾರಿಂದಲೂ ಓದಲಾಗದು. ಅರ್ಜಿ, ಅಂದಾಜುಪಟ್ಟಿ, ನಕ್ಷೆಗಳನ್ನು ಕ್ಯಾಮೆರಾಗೆ ಹಿಡಿದು ತೋರಿಸುವ ಬದಲು ಸ್ಕ್ಯಾನ್ ಮಾಡಿ ಪರದೆಯಲ್ಲಿ ಹಂಚಿಕೊಳ್ಳುವುದೇ ಸರಿಯಾದ ಕ್ರಮ.

ತಂತ್ರಾಂಶ ಮಾಡಬಲ್ಲದ್ದು, ಮಾಡಲಾರದ್ದು

ಜೂಮ್‌ನಲ್ಲಿ Adjust for low light, ಗೂಗಲ್ ಮೀಟ್‌ನಲ್ಲಿ Adjust video lighting ಎಂಬ ಆಯ್ಕೆಗಳಿವೆ. ಮುಖ ಸ್ವಲ್ಪ ಮಂಕಾಗಿದ್ದಾಗ ಇವು ಉಪಯುಕ್ತ. ಆದರೆ ಸೆನ್ಸರ್ ಗ್ರಹಿಸದೆ ಬಿಟ್ಟ ವಿವರವನ್ನು ತಂತ್ರಾಂಶ ಮರಳಿ ತರಲಾರದು. ಪ್ರಕಾಶ ಹೆಚ್ಚಿಸಿದರೆ ಚುಕ್ಕೆಗಳೂ ಹೆಚ್ಚುತ್ತವೆ. ಚುಕ್ಕೆ ಅಳಿಸುವ ತಂತ್ರಾಂಶ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುವುದರಿಂದ ಮುಖ ಮೇಣದ ಗೊಂಬೆಯಂತಾಗುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಈ ಸಂಸ್ಕರಣೆಯ ಹೊರೆಯಿಂದ ಧ್ವನಿಯೂ ತುಂಡಾಗಬಹುದು. ಆದ್ದರಿಂದ ಬೆಳಕು ಸರಿಪಡಿಸಿದ ನಂತರ, ಅಗತ್ಯವಿದ್ದರೆ ಮಾತ್ರ, ಒಂದೊಂದಾಗಿ ಬಳಸಿ ನೋಡತಕ್ಕದ್ದು.

ನಮ್ಮ ಸದಸ್ಯೆಯವರ ಬಾಟಲಿ ಮಾಯವಾದದ್ದು ತಂತ್ರಾಂಶದಿಂದಲೇ. ಅಂದು ಕೃತಕ ಹಿನ್ನೆಲೆ ಚಾಲನೆಯಲ್ಲಿತ್ತು. ಮನುಷ್ಯಾಕೃತಿಯನ್ನು ಗುರುತಿಸಿ ಉಳಿದುದನ್ನು ಅಳಿಸುವುದು ಅದರ ಕೆಲಸ. ಕೈಯಲ್ಲಿರುವ ವಸ್ತುವನ್ನು ಅದು ಹಿನ್ನೆಲೆಯೆಂದೇ ಭಾವಿಸಬಹುದು. ಮಬ್ಬು ಬೆಳಕಿನಲ್ಲಿ ಈ ತಪ್ಪು ಹೆಚ್ಚು. ವಸ್ತುಗಳನ್ನು ತೋರಿಸುವ ಸಭೆಯಲ್ಲಿ ಕೃತಕ ಹಿನ್ನೆಲೆಯನ್ನು ತೆಗೆದುಹಾಕುವುದು ಅವಶ್ಯ.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಕ್ಯಾಮೆರಾ ದೀಪದ ಬಣ್ಣಕ್ಕೆ ತಕ್ಕಂತೆ ತಾನಾಗಿಯೇ ಬಣ್ಣಗಳನ್ನು ಹೊಂದಿಸುತ್ತದೆ. ಕಿಟಕಿಯ ಬೆಳಕಿನೊಂದಿಗೆ ಹಳದಿ ಬಲ್ಬ್ ಕೂಡ ಉರಿಯುತ್ತಿದ್ದರೆ ಈ ಹೊಂದಾಣಿಕೆ ತಪ್ಪಿ, ಶುದ್ಧ ನೀರೂ ಹಳದಿಯಾಗಿ ಕಾಣಬಹುದು. ನೀರನ್ನು ತೋರಿಸುವಾಗ ಒಂದೇ ಬಗೆಯ ಬೆಳಕನ್ನು ಬಳಸಿ, ಬಾಟಲಿಯ ಹಿಂದೆ ಬಿಳಿ ಕಾಗದವನ್ನು ಹಿಡಿಯಬೇಕು. ಕಾಗದ ಬಿಳಿಯಾಗಿಯೇ ಕಂಡರೆ ನೀರಿನ ಬಣ್ಣವನ್ನು ಸ್ವಲ್ಪಮಟ್ಟಿಗೆ ನಂಬಬಹುದು. ಹಾಗಿದ್ದರೂ ವೆಬ್‌ಕ್ಯಾಮ್ ಪರೀಕ್ಷಾ ಸಾಧನವಲ್ಲ. ನೀರಿನಲ್ಲಿ ಕಬ್ಬಿಣದ ಅಂಶವಿದೆಯೇ ಎಂಬುದನ್ನು ಕ್ಷೇತ್ರ ಪರೀಕ್ಷಾ ಕಿಟ್ ಅಥವಾ ಪ್ರಯೋಗಾಲಯದ ವರದಿಯೇ ಹೇಳಬೇಕು.

ಖರೀದಿಗೆ ಮುನ್ನ ಅನುಸರಿಸಬಹುದಾದ ಕ್ರಮ

1. ಕ್ಯಾಮೆರಾದ ಗಾಜನ್ನು ಮೃದುವಾದ ಒಣ ಬಟ್ಟೆಯಿಂದ ಒರೆಸುವುದು.
2. ಕಿಟಕಿ ಮತ್ತು ದೀಪಗಳು ಸದಸ್ಯರ ಎದುರಿಗೆ ಬರುವಂತೆ ಮೇಜನ್ನು ತಿರುಗಿಸುವುದು.
3. ಮಾತನಾಡುವವರನ್ನು ಕ್ಯಾಮೆರಾದಿಂದ ಸುಮಾರು 1 ಮೀಟರ್ ದೂರದಲ್ಲಿ ಕೂರಿಸುವುದು.
4. ಕೃತಕ ಹಿನ್ನೆಲೆಯನ್ನು ತೆಗೆದುಹಾಕುವುದು.
5. ಸಭೆಯ ಹಿಂದಿನ ದಿನ, ಸಭೆಯ ವೇಳೆಯಲ್ಲಿಯೇ, ನೆರೆಯ ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್‌ ಅವರಿಗೆ ಕರೆ ಮಾಡಿ ಅವರಿಗೆ ಏನು ಕಾಣುತ್ತಿದೆ ಎಂದು ಕೇಳುವುದು. ನಮ್ಮ ಪರದೆಯಲ್ಲಿ ನಮಗೆ ಕಾಣುವ ಚಿತ್ರ ಇಂಟರ್ನೆಟ್ ದಾಟಿ ಬಂದದ್ದಲ್ಲವಾದ್ದರಿಂದ ಅದನ್ನು ನಂಬುವಂತಿಲ್ಲ.

ಇಷ್ಟಾದ ನಂತರವೂ ಹಗಲಿನ ಉತ್ತಮ ಬೆಳಕಿನಲ್ಲಿ, 1 ಮೀಟರ್ ದೂರದ ಮುಖ ಅಸ್ಪಷ್ಟವಾಗಿದ್ದರೆ ಮಾತ್ರ ಹೊಸ ಕ್ಯಾಮೆರಾದ ಪ್ರಸ್ತಾವವನ್ನು ಸಭೆಯ ಮುಂದೆ ಇಡುವುದು ಸಮಂಜಸ.

ನಮ್ಮಲ್ಲಿ ಆ ಪ್ರಸ್ತಾವದ ಅಗತ್ಯ ಬೀಳಲಿಲ್ಲ. ಮುಂದಿನ ಸಭೆಯಲ್ಲಿ ಅದೇ ಸದಸ್ಯೆಯವರು ಕಿಟಕಿಗೆ ಎದುರಾಗಿ ಕುಳಿತು, ಬಿಳಿ ಹಾಳೆಯ ಮುಂದೆ ಬಾಟಲಿಯನ್ನು ಹಿಡಿದರು. "ಈಗ ಕಾಣುತ್ತಿದೆ ಅಮ್ಮಾ, ಹೇಳಿ" ಎಂಬ ಮಾತು ಆ ಕಡೆಯಿಂದ ಬಂದಿತು. ಕಿಟ್‌ನ ಪರೀಕ್ಷಾ ವರದಿಯನ್ನು ಪರದೆಯಲ್ಲಿ ಹಂಚಿಕೊಳ್ಳಲಾಯಿತು. ಅವರ ವಾರ್ಡಿನ ನೀರಿನ ಸಮಸ್ಯೆ ಅಂದಿನ ನಡಾವಳಿಯಲ್ಲಿ ದಾಖಲಾಯಿತು.