ಮೊದಲು ಬೇಸ್, ಆಮೇಲೆ ಲೆಕ್ಕ

50 ಎಂವಿಎ ಜನರೇಟರ್, ರಿಯಾಕ್ಟೆನ್ಸ್ ಶೇ. 20. ಅದಕ್ಕೆ ಜೋಡಿಸಿದ 50 ಎಂವಿಎ, 11/110 ಕೆವಿ ಟ್ರಾನ್ಸ್‌ಫಾರ್ಮರ್, ಶೇ. 10. ಲೋಡ್ ಇಲ್ಲದಾಗ 110 ಕೆವಿ ಬದಿಯಲ್ಲಿ ಮೂರೂ ಫೇಸ್ ಶಾರ್ಟ್ ಆದರೆ ಎಷ್ಟು ಕರೆಂಟ್ ಹರಿಯುತ್ತದೆ? ಪವರ್ ಸಿಸ್ಟಮ್ಸ್ ಪರೀಕ್ಷೆಯ ಮಾಮೂಲಿ ಪ್ರಶ್ನೆಯಿದು.

ಈ ಶೇಕಡಾವಾರು ಆಯಾ ಯಂತ್ರದ ಸ್ವಂತ ಸಾಮರ್ಥ್ಯಕ್ಕೆ ಹೇಳಿದ್ದು. ಲೆಕ್ಕಕ್ಕೆ 100 ಎಂವಿಎ ಬೇಸ್ ಹಿಡಿದರೆ ಎರಡೂ ದುಪ್ಪಟ್ಟಾಗಬೇಕು: 0.2 ಇದ್ದದ್ದು 0.4, 0.1 ಇದ್ದದ್ದು 0.2. ಒಟ್ಟು 0.6. ವೋಲ್ಟೇಜ್ 1 ಎಂದುಕೊಂಡರೆ ಫಾಲ್ಟ್ ಕರೆಂಟ್ 1 ÷ 0.6, ಅಂದರೆ 1.667 ಪರ್ ಯೂನಿಟ್.

ಇದನ್ನು ಆಂಪಿಯರ್‌ಗೆ ತರಲು ಫಾಲ್ಟ್ ಆದ ಬದಿಯ ಬೇಸ್ ಕರೆಂಟ್ ಬೇಕು. 110 ಕೆವಿಯಲ್ಲಿ ಅದು 525 ಆಂಪಿಯರ್. ಉತ್ತರ ಸುಮಾರು 875. ಜನರೇಟರ್ ಬದಿಯ ಬೇಸ್ ವೋಲ್ಟೇಜ್ 11 ಕೆವಿ, ಅಲ್ಲಿ ಅದೇ ಕರೆಂಟ್ ಹತ್ತುಪಟ್ಟು.

ಹಲವರು ಬೇಸ್ ಬದಲಿಸದೆ 0.3 ಎಂದೇ ಕೂಡಿಸಿ, 525ರಿಂದ ಗುಣಿಸಿ 1,750 ಆಂಪಿಯರ್ ಬರೆಯುತ್ತಾರೆ. ಹಂತಗಳೆಲ್ಲ ಸರಿಯಾಗಿಯೇ ಕಾಣುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಿಡಿಯುವ ದಾರಿ ಸುಲಭ: 50 ಎಂವಿಎ ಬೇಸಿನಲ್ಲಿ ಮತ್ತೊಮ್ಮೆ ಮಾಡಿ. ಒಟ್ಟು 0.3, ಬೇಸ್ ಕರೆಂಟ್ 262. ಉತ್ತರ ಮತ್ತೆ ಸುಮಾರು 875. ಬೇಸ್ ಯಾವುದೇ ಇರಲಿ, ಆಂಪಿಯರ್ ಬದಲಾಗಕೂಡದು.