ನೂರು ಜನರ ತರಗತಿಗೆ ನೂರ ಇಪ್ಪತ್ತು ಮಂದಿ

ರಜೆಯಲ್ಲಿ ಮನೆಯಲ್ಲೇ ಕುಳಿತು ಆನ್‌ಲೈನ್ ಕಾರ್ಯಾಗಾರಕ್ಕೆ ಸೇರುವವರು ನಮ್ಮಲ್ಲಿ ಅನೇಕರಿದ್ದಾರೆ. ಗುಬ್ಬಿ, ಕುಣಿಗಲ್ ಕಡೆಯವರಿಗೆ ತುಮಕೂರಿಗೆ ಬಂದುಹೋಗುವ ಬಸ್ ಖರ್ಚೂ ಉಳಿಯುತ್ತದೆ. ಆದರೆ ಫೀಸು ಕಟ್ಟಿದ ಮೇಲೂ ತರಗತಿಯೊಳಗೆ ಹೋಗಲು ಆಗದಿದ್ದರೆ? ತಪ್ಪು ನೆಟ್‌ವರ್ಕ್‌ನದ್ದೇ ಆಗಿರಬೇಕಿಲ್ಲ. ತರಬೇತುದಾರರು ಕೊಂಡ ಪ್ಲಾನಿನ ಮಿತಿಯೂ ಕಾರಣವಾಗಿರಬಹುದು.

ಒಂದು ಉದಾಹರಣೆ ನೋಡೋಣ. ತುಮಕೂರಿನ ತರಬೇತುದಾರರೊಬ್ಬರು ಇಂಗ್ಲಿಷ್ ಮಾತನಾಡಲು ಕಲಿಸುತ್ತಾರೆ ಎಂದುಕೊಳ್ಳಿ. ಎರಡು ಗಂಟೆಯ 8 ತರಗತಿಗೆ ತಲಾ 300 ರೂಪಾಯಿಯಂತೆ 120 ಮಂದಿ ಹಣ ಕಟ್ಟಿದ್ದಾರೆ. ಅವರ ಬಳಿ ಇರುವುದು ಜೂಮ್ ಪ್ರೊ ಪ್ಲಾನ್. ಅದರಲ್ಲಿ ಒಂದು ಮೀಟಿಂಗಿಗೆ 100 ಜನರ ಮಿತಿ ಇದೆ, ಆ ಲೆಕ್ಕದಲ್ಲಿ ತರಬೇತುದಾರರೂ ಸೇರುತ್ತಾರೆ. ಹಾಗಾಗಿ ವಿದ್ಯಾರ್ಥಿಗಳಿಗೆ ಉಳಿಯುವುದು 99 ಜಾಗ, ಹೊರಗುಳಿಯುವವರು 21 ಮಂದಿ. ಅವರಿಗೆ ಮರಳಿಸಬೇಕಾದ ಹಣವೇ 6,300 ರೂಪಾಯಿ. ಒಬ್ಬರೇ ಮೊಬೈಲ್ ಮತ್ತು ಲ್ಯಾಪ್‌ಟಾಪ್ ಎರಡರಿಂದಲೂ ಸೇರಿದರೆ ಇನ್ನೊಂದು ಜಾಗ ಹೋಗುತ್ತದೆ. ನಿಮ್ಮ ಇಂಟರ್‌ನೆಟ್ ಸರಿಯಾಗಿದ್ದು, ಯಾರೋ ಹೊರಟ ಕೂಡಲೇ ಪ್ರವೇಶ ಸಿಕ್ಕಿದರೆ ಅಡ್ಡಿಯಾಗಿದ್ದು ಈ ಮಿತಿಯೇ ಎಂದು ತಿಳಿಯಬಹುದು.

ಹಾಗಾದರೆ 500 ಜನರ ವೆಬಿನಾರ್ ಪ್ಲಾನ್ ಕೊಂಡರೆ ಸಾಕಲ್ಲವೇ? ಜಾಗವೇನೋ ಸಿಗುತ್ತದೆ. ಆದರೆ ಜೂಮ್ ವೆಬಿನಾರಿನಲ್ಲಿ ಬ್ರೇಕ್‌ಔಟ್ ರೂಮ್, ಅಂದರೆ ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ಕೂರಿಸುವ ಸೌಲಭ್ಯ, ಇಲ್ಲ. ಅಲ್ಲಿ ಸೇರಿದವರು ಮುಖ್ಯವಾಗಿ ನೋಡುವವರು, ಕೇಳುವವರು. ಭಾಷಣಕ್ಕೆ ಅದು ಹೊಂದುತ್ತದೆ, ಮಾತಿನ ಅಭ್ಯಾಸಕ್ಕೆ ಹೊಂದುವುದಿಲ್ಲ. ಇದಕ್ಕಿಂತ ಅದೇ ಮೀಟಿಂಗ್ ಪ್ಲಾನಿನಲ್ಲಿ 60 ಮಂದಿಯ ಎರಡು ಬ್ಯಾಚ್ ಮಾಡುವುದು ಮೇಲು. ಒಂದು ರೂಮಿಗೆ 5 ಮಂದಿಯಂತೆ 12 ರೂಮ್ ಆಗುತ್ತವೆ, ಎಲ್ಲರಿಗೂ ಮಾತನಾಡುವ ಸರದಿ ಬರುತ್ತದೆ.

ಇನ್ನು ರೆಕಾರ್ಡಿಂಗ್. ವಿಡಿಯೊ ಒಂದು ಗಂಟೆಗೆ ಸುಮಾರು 200 ಎಂಬಿ ಜಾಗ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಎರಡೂ ಬ್ಯಾಚಿನದ್ದು ಸೇರಿ 32 ಗಂಟೆ, ಅಂದರೆ 6.4 ಜಿಬಿ. ಪ್ಲಾನಿನಲ್ಲಿ 5 ಜಿಬಿ ಕ್ಲೌಡ್ ಜಾಗ ಮಾತ್ರ ಇದ್ದರೆ ಕೊನೆಯ ತರಗತಿಗಳಿಗೆ ಜಾಗವೇ ಇರುವುದಿಲ್ಲ. ಪ್ರತಿ ವಾರ ಕಂಪ್ಯೂಟರಿಗೆ ಇಳಿಸಿಕೊಂಡು ಕ್ಲೌಡಿನಿಂದ ಅಳಿಸಿದರೆ ತೊಂದರೆ ಇಲ್ಲ. ಆದರೆ ಕ್ಲೌಡ್ ರೆಕಾರ್ಡಿಂಗಿನಲ್ಲಿ ಉಳಿಯುವುದು ಮುಖ್ಯ ತರಗತಿ ಮಾತ್ರ, ಬ್ರೇಕ್‌ಔಟ್ ರೂಮಿನ ಮಾತುಕತೆ ಅದರಲ್ಲಿ ಬರುವುದಿಲ್ಲ. ಆ ದಿನ ತಪ್ಪಿಸಿಕೊಂಡವರಿಗೆ ಗುಂಪಿನ ಅಭ್ಯಾಸ ಮತ್ತೆ ಸಿಗದು.

ಆದ್ದರಿಂದ ಫೀಸು ಕಟ್ಟುವ ಮೊದಲೇ ತರಬೇತುದಾರರನ್ನು ಕೇಳಿ: ಸರ್, ಬ್ಯಾಚಿನಲ್ಲಿ ಎಷ್ಟು ಮಂದಿ, ಪ್ಲಾನಿನ ಮಿತಿ ಎಷ್ಟು? ಇದು ಮೀಟಿಂಗೋ, ವೆಬಿನಾರೋ? ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ?