ಯಮಾತಾರಾಜಭಾನಸಲಗಂ: ಎಂಟು ಗಣ, ಒಂದೇ ಸುತ್ತು

ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರಿಗೆ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರ ಇನ್ನೂ ಬಾಯಲ್ಲಿರುತ್ತದೆ. ಅಕ್ಷರಗಣಗಳು ಎಂಟು. ಯಾವ ಗಣದ ಲಕ್ಷಣ ಬೇಕೋ ಆ ಅಕ್ಷರವನ್ನು ಸೂತ್ರದಲ್ಲಿ ಹುಡುಕಿ, ಅಲ್ಲಿಂದ ಮೂರು ಅಕ್ಷರ ಓದಿಕೊಂಡರೆ ಸಾಕು. ‘ಯಮಾತಾ’ ಎಂದರೆ ಲಘು, ಗುರು, ಗುರು, ಅದು ಯಗಣ. ‘ಜಭಾನ’ ಎಂದರೆ ಲಘು, ಗುರು, ಲಘು, ಅದು ಜಗಣ. ಹೀಗೆ ‘ಸಲಗಂ’ ಎಂಬ ಸಗಣದವರೆಗೆ ಎಂಟೂ ಸಿಗುತ್ತವೆ.

ಎಂಟು ಗಣಗಳನ್ನು ಬೇರೆ ಬೇರೆಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರ ಬೇಕು. ಸೂತ್ರ ಅದನ್ನು ಹತ್ತರಲ್ಲಿ ಮುಗಿಸುತ್ತದೆ, ಏಕೆಂದರೆ ಒಂದು ಗಣದ ಕೊನೆಯ ಎರಡು ಅಕ್ಷರಗಳೇ ಮುಂದಿನ ಗಣದ ಮೊದಲ ಎರಡು ಅಕ್ಷರಗಳಾಗುತ್ತವೆ. ಇನ್ನೂ ಒಂದು ಸೊಗಸಿದೆ. ಸೂತ್ರದ ಕೊನೆಯ ‘ಲಗಂ’ ಲಘು-ಗುರು, ಮೊದಲ ‘ಯಮಾ’ ಕೂಡ ಲಘು-ಗುರು. ಕೊನೆಯ ಎರಡನ್ನು ಮೊದಲ ಎರಡರ ಮೇಲೆ ಕೂರಿಸಿದರೆ ಸೂತ್ರ ಎಂಟೇ ಅಕ್ಷರಗಳ ಬಳೆಯಾಗುತ್ತದೆ. ಆ ಬಳೆಯಲ್ಲಿ ಎಲ್ಲಿಂದ ಮೂರಕ್ಷರ ಓದಿದರೂ ಒಂದು ಗಣ ಸಿಗುತ್ತದೆ. ಒಂದೂ ಬಿಟ್ಟುಹೋಗುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ.

ಇಂಥ ಬಳೆ ಇರಲೇಬೇಕೆ? ಇದ್ದರೆ ಹುಡುಕುವುದು ಹೇಗೆ? ಗಣಗಳನ್ನೇ ಎಂಟು ಬಿಂದುಗಳಾಗಿ ಇಟ್ಟು, ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವ ಕಡೆ ಗೆರೆ ಎಳೆದು, ಪ್ರತಿ ಬಿಂದುವನ್ನೂ ಒಂದೇ ಸಲ ಹಾಯುವ ದಾರಿ ಹುಡುಕಬಹುದು. ಮೊದಲಿಗೆ ಹೊಳೆಯುವುದು ಇದೇ. ಆದರೆ ಎಲ್ಲ ಬಿಂದುಗಳನ್ನೂ ಒಮ್ಮೊಮ್ಮೆ ಹಾಯುವ ದಾರಿಯನ್ನು ಯಾವುದೇ ನಕ್ಷೆಯಲ್ಲಾದರೂ ಬೇಗ ಕಂಡುಹಿಡಿಯುವ ವಿಧಾನ ಇಂದಿಗೂ ಯಾರ ಬಳಿಯೂ ಇಲ್ಲ. ಎಂಟಕ್ಕೆ ಪರವಾಗಿಲ್ಲ, ಸಾವಿರಕ್ಕೆ ಹೋದರೆ ಕಂಪ್ಯೂಟರೂ ಸೋಲಬಹುದು.

ಉಪಾಯವೆಂದರೆ ಗಣವನ್ನು ಬಿಂದುವಾಗಿ ನೋಡದೆ ಗೆರೆಯಾಗಿ ನೋಡುವುದು. ಡಚ್ ಗಣಿತಜ್ಞ ಡಿ ಬ್ರೌನ್ 1946ರ ಪ್ರಬಂಧದಲ್ಲಿ ಬಳಸಿದ ಈ ಬಗೆಯ ನಕ್ಷೆಗೆ ಈಗ ಅವರದೇ ಹೆಸರಿದೆ. ಕಾಗದದ ಮೇಲೆ ನಾಲ್ಕೇ ಬಿಂದುಗಳನ್ನು ಇಡಿ: ಲಘು-ಗುರು, ಗುರು-ಗುರು, ಗುರು-ಲಘು, ಲಘು-ಲಘು. ಪ್ರತಿ ಗಣವೂ ತನ್ನ ಮೊದಲ ಎರಡು ಅಕ್ಷರಗಳ ಬಿಂದುವಿನಿಂದ ಕೊನೆಯ ಎರಡು ಅಕ್ಷರಗಳ ಬಿಂದುವಿಗೆ ಹೋಗುವ ಬಾಣ. ಯಗಣ ಲಘು-ಗುರುವಿನಿಂದ ಗುರು-ಗುರುವಿಗೆ ಹೋಗುತ್ತದೆ. ತಗಣ ಅಲ್ಲಿಂದ ಗುರು-ಲಘುವಿಗೆ. ಗುರು-ಲಘುವಿನಿಂದ ರಗಣ ಲಘು-ಗುರುವಿಗೆ ಮರಳುತ್ತದೆ, ಭಗಣ ಲಘು-ಲಘುವಿಗೆ ಇಳಿಯುತ್ತದೆ. ಜಗಣ ಲಘು-ಗುರುವಿನಿಂದ ಗುರು-ಲಘುವಿಗೆ, ಸಗಣ ಲಘು-ಲಘುವಿನಿಂದ ಲಘು-ಗುರುವಿಗೆ. ಮೂರೂ ಗುರುವಾದ ಮಗಣ ಗುರು-ಗುರುವಿನಿಂದ ಹೊರಟು ಅಲ್ಲಿಗೇ ಬರುವ ಕುಣಿಕೆ. ಮೂರೂ ಲಘುವಾದ ನಗಣ ಲಘು-ಲಘುವಿನಲ್ಲಿ ಅಂಥದೇ ಇನ್ನೊಂದು ಕುಣಿಕೆ. ಈಗ ಪ್ರಶ್ನೆ ಬದಲಾಯಿತು: ಎಂಟು ಬಾಣಗಳ ಮೇಲೂ ಒಮ್ಮೊಮ್ಮೆ ಮಾತ್ರ ನಡೆದು ಹೊರಟಲ್ಲಿಗೇ ಬರಬಹುದೆ?

ಈ ಪ್ರಶ್ನೆಗೆ ಉತ್ತರವಿದೆ, ಉತ್ತರ ಹಳೆಯದೂ ಹೌದು. ಲಿಯೋನಾರ್ಡ್ ಆಯ್ಲರ್ 1735ರ ಆಗಸ್ಟ್ 26ರಂದು ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯ ಮುಂದೆ ಕೊನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ವಿಚಾರ ಮಂಡಿಸಿದ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟುವ ನಡಿಗೆ ಸಾಧ್ಯವೇ ಎಂಬುದು ಪ್ರಶ್ನೆ. ಹಾದುಹೋಗುವ ಪ್ರತಿ ನೆಲಕ್ಕೂ ಒಂದು ಸೇತುವೆಯಿಂದ ಬರಬೇಕು, ಇನ್ನೊಂದರಿಂದ ಹೋಗಬೇಕು. ಸೇತುವೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಆದ್ದರಿಂದ ಹೊರಟಲ್ಲಿಗೇ ಮರಳಬೇಕಾದರೆ ಪ್ರತಿ ನೆಲಕ್ಕೂ ಸಮಸಂಖ್ಯೆಯ ಸೇತುವೆಗಳಿರಬೇಕು. ಒಂದು ಕಡೆ ಹೊರಟು ಇನ್ನೊಂದು ಕಡೆ ನಿಲ್ಲುವುದಾದರೆ ಆ ಎರಡು ನೆಲಗಳಿಗೆ ಮಾತ್ರ ಬೆಸಸಂಖ್ಯೆ ಇರಬಹುದು. ಕೊನಿಗ್ಸ್‌ಬರ್ಗಿನ ನಡುಗಡ್ಡೆಗೆ ಐದು ಸೇತುವೆ, ಉಳಿದ ಮೂರು ನೆಲಗಳಿಗೆ ಮೂರು ಮೂರು. ನಾಲ್ಕೂ ಬೆಸ. ನಡಿಗೆ ಅಸಾಧ್ಯ.

ನಮ್ಮ ಗಣಗಳ ನಕ್ಷೆಯಲ್ಲಿ ಬಾಣಗಳಿಗೆ ದಿಕ್ಕಿದೆ. ಹಾಗಾಗಿ ಸಮ-ಬೆಸದ ಬದಲು ಲೆಕ್ಕ ಹೀಗೆ: ಪ್ರತಿ ಬಿಂದುವಿಗೂ ಒಳಬರುವ ಬಾಣಗಳೆಷ್ಟೋ ಹೊರಹೋಗುವವೂ ಅಷ್ಟೇ ಇರಬೇಕು. ಲಘು-ಗುರುವಿಗೆ ರ, ಸ ಒಳಗೆ ಬರುತ್ತವೆ. ಯ, ಜ ಹೊರಗೆ ಹೋಗುತ್ತವೆ. ಉಳಿದ ಮೂರರಲ್ಲೂ ಎರಡು ಒಳಗೆ, ಎರಡು ಹೊರಗೆ. ಇದು ಕಾಕತಾಳೀಯವಲ್ಲ. ಯಾವ ಜೋಡಿಯ ಮುಂದೆಯೂ ಲಘುವನ್ನೋ ಗುರುವನ್ನೋ ಸೇರಿಸಬಹುದು, ಹಿಂದೆಯೂ ಹಾಗೆಯೇ. ತೂಕ ತಾನಾಗಿಯೇ ಸರಿಹೋಗುತ್ತದೆ.

ಆದರೆ ಆಯ್ಲರ್ ಪೂರ್ತಿಯಾಗಿ ಸಾಧಿಸಿ ತೋರಿಸಿದ್ದು ಈ ನಿಯಮ ಮುರಿದರೆ ನಡಿಗೆ ಇಲ್ಲ ಎಂಬುದನ್ನು. ನಿಯಮ ಪಾಲನೆಯಾದರೆ ನಡಿಗೆ ಇದ್ದೇ ಇದೆ ಎಂಬುದಕ್ಕೆ ಸಮರ್ಪಕ ಸಾಧನೆ ಅಚ್ಚಾದದ್ದು 1873ರಲ್ಲಿ. ಅದನ್ನು ಕಂಡವನು ಜರ್ಮನಿಯ ತರುಣ ಗಣಿತಜ್ಞ ಕಾರ್ಲ್ ಹಿಯರ್‌ಹೋಲ್ಟ್ಸರ್. ಬರೆದಿಡುವ ಮೊದಲೇ, 1871ರಲ್ಲಿ, ಅವನು ತೀರಿಕೊಂಡ. ಅವನ ಬಾಯಿಂದ ಕೇಳಿದ್ದವರು ನೆನಪಿನಿಂದ ಬರೆದು ಪ್ರಕಟಿಸಿದರು. ಹಾಗೆ ಉಳಿಯಿತಲ್ಲ ಎಂದು ನನಗೆ ಇಂದಿಗೂ ನೆಮ್ಮದಿ, ಏಕೆಂದರೆ ಆ ಸಾಧನೆಯೇ ದಾರಿ ಕಟ್ಟುವ ವಿಧಾನವೂ ಹೌದು.

ಅದನ್ನು ನಮ್ಮ ನಕ್ಷೆಯ ಮೇಲೇ ನಡೆಸೋಣ. ಲಘು-ಗುರುವಿನಲ್ಲಿ ನಿಂತು, ಮುಂದೇನಾಗುವುದೋ ಎಂದು ಯೋಚಿಸದೆ, ಬಳಸದ ಯಾವುದಾದರೂ ಬಾಣ ಹಿಡಿದು ಹೊರಡಿ. ಯ, ತ, ರ ಹಿಡಿದೆವೆನ್ನಿ, ಲಘು-ಗುರುವಿಗೆ ಬಂದೆವು. ಇನ್ನೂ ಜ ಉಳಿದಿದೆ. ಜ, ಭ, ಸ, ಮತ್ತೆ ಲಘು-ಗುರು. ಈಗ ಹೊರಹೋಗಲು ಬಾಣವಿಲ್ಲ, ಸಿಕ್ಕಿಕೊಂಡೆವು. ಆದರೆ ಸಿಕ್ಕಿಕೊಂಡದ್ದು ಹೊರಟ ಜಾಗದಲ್ಲೇ, ಬೇರೆಲ್ಲೂ ಸಿಕ್ಕಿಕೊಳ್ಳಲು ಸಾಧ್ಯವೇ ಇಲ್ಲ. ಬೇರೆ ಯಾವ ಬಿಂದುವಿಗೆ ಬಂದಾಗಲೂ ಒಳಬಂದ ಲೆಕ್ಕ ಹೊರಹೋದ ಲೆಕ್ಕಕ್ಕಿಂತ ಒಂದು ಹೆಚ್ಚಿರುತ್ತದೆ, ಹಾಗಾಗಿ ಹೊರಗೆ ಹೋಗುವ ಒಂದು ಬಾಣ ಕಾದೇ ಇರುತ್ತದೆ.

ಆರು ಬಾಣ ಮುಗಿದವು, ಮ ಮತ್ತು ನ ಉಳಿದವು. ಗಾಬರಿ ಬೇಡ. ಮುಚ್ಚಿದ ಸುತ್ತೊಂದನ್ನು ತೆಗೆದಾಗ ಪ್ರತಿ ಬಿಂದುವಿನಲ್ಲೂ ಒಳಗಿನಷ್ಟೇ ಹೊರಗಿನವೂ ಕಳೆಯುತ್ತವೆ, ಉಳಿದ ನಕ್ಷೆಯ ತೂಕ ಕೆಡುವುದಿಲ್ಲ. ಈಗ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಯಾವ ಬಾಣದ ಮೇಲೆ ಹಿಂದೆ ಸರಿದಿರೋ ಅದರ ಹೆಸರನ್ನು ಬರೆದುಕೊಳ್ಳಿ. ಮೊದಲು ಸ. ಈಗ ನಿಂತದ್ದು ಲಘು-ಲಘುವಿನಲ್ಲಿ. ಇಲ್ಲಿ ನ ಬಾಕಿ ಇದೆ. ಮುಂದೆ ನಡೆಯಿರಿ, ಕುಣಿಕೆ ಸುತ್ತಿ ಅಲ್ಲಿಗೇ ಬಂದು ಸಿಕ್ಕಿಕೊಳ್ಳಿ, ಹಿಂದೆ ಸರಿದು ನ ಬರೆಯಿರಿ. ಬಳಿಕ ಭ, ಜ, ರ, ತ. ಗುರು-ಗುರುವಿನಲ್ಲಿ ಮ ಬಾಕಿ. ಅದನ್ನೂ ಸುತ್ತಿ ಬರೆಯಿರಿ. ಕೊನೆಗೆ ಯ. ಬರೆದದ್ದು ಸ, ನ, ಭ, ಜ, ರ, ತ, ಮ, ಯ. ಹಿಂದುಮುಂದಾಗಿ ಓದಿದರೆ ಯ, ಮ, ತ, ರ, ಜ, ಭ, ನ, ಸ. ಸೂತ್ರ ಅಕ್ಷರ ತಪ್ಪದೆ ಎದುರಿಗೆ ಬಂತು!

ಕೆಲಸವೆಷ್ಟು? ಪ್ರತಿ ಬಾಣದ ಮೇಲೆ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಎಂಟು ಬಾಣಕ್ಕೆ ಹದಿನಾರು ಹೆಜ್ಜೆ, ಹತ್ತು ಸಾವಿರಕ್ಕೆ ಇಪ್ಪತ್ತು ಸಾವಿರ. ಫ್ರಾನ್ಸಿನ ಫ್ಲೂರಿ 1883ರಲ್ಲಿ ಹೇಳಿದ ಇನ್ನೊಂದು ವಿಧಾನವೂ ಸರಿಯಾದದ್ದೇ. ಅಲ್ಲಿ ಹಿಂದೆ ಸರಿಯುವ ಪ್ರಮೇಯವಿಲ್ಲ, ಆದರೆ ಗೆರೆ ಹಿಡಿಯುವ ಮೊದಲು ಅದನ್ನು ಅಳಿಸಿದರೆ ಉಳಿದ ನಕ್ಷೆ ಎರಡು ಹೋಳಾಗುತ್ತದೆಯೇ ಎಂದು ನೋಡಬೇಕು. ಪ್ರತಿ ಹೆಜ್ಜೆಗೂ ಉಳಿದ ನಕ್ಷೆಯನ್ನೆಲ್ಲ ತಡವಿದರೆ ಹತ್ತು ಸಾವಿರ ಗೆರೆಗಳಿಗೆ ಸುಮಾರು ಐದು ಕೋಟಿ ತಪಾಸಣೆ. ಹತ್ತು ಸಾವಿರ ಎಂಬುದು ಸುಮ್ಮನೆ ಹೇಳಿದ ಸಂಖ್ಯೆಯಲ್ಲ. ನಾಲ್ಕಂಕಿಯ ಗುಪ್ತಸಂಖ್ಯೆಗಳು ಅಷ್ಟೇ ಇವೆ. ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ನೋಡಿ ತೆರೆಯುವ ಬೀಗಕ್ಕೆ ಎಲ್ಲ ಸಂಖ್ಯೆಗಳನ್ನೂ ಬಿಡಿಬಿಡಿಯಾಗಿ ಒತ್ತಿದರೆ 40,000 ಒತ್ತು. ಗಣಸೂತ್ರದ ಬಗೆಯಲ್ಲಿ ಹೆಣೆದರೆ 10,003.

ವೇಗ ಹಾಳಾಗುವುದು ಸಾಮಾನ್ಯವಾಗಿ ಒಂದು ಸಣ್ಣ ಅಜಾಗರೂಕತೆಯಿಂದ. ಒಂದು ಬಿಂದುವಿಗೆ ಮರಳಿದಾಗಲೆಲ್ಲ ಅದರ ಬಾಣಗಳ ಪಟ್ಟಿಯನ್ನು ಮೊದಲಿನಿಂದ ಹುಡುಕಿದರೆ, ನೂರಾರು ಬಾಣಗಳಿರುವ ಬಿಂದುವಿನಲ್ಲಿ ಕೆಲಸ ಬೆಟ್ಟವಾಗುತ್ತದೆ. ಎಲ್ಲಿ ಬಿಟ್ಟಿದ್ದೆವೋ ಅಲ್ಲಿ ಗುರುತಿಟ್ಟು ಮುಂದುವರಿಯಬೇಕು. ದಿಕ್ಕಿಲ್ಲದ ಗೆರೆಗಳಾದರೆ ಇನ್ನೊಂದು ಎಚ್ಚರ ಬೇಕು: ಒಂದೇ ಗೆರೆ ಎರಡು ತುದಿಗಳ ಪಟ್ಟಿಯಲ್ಲೂ ಇರುತ್ತದೆ, ಎರಡೂ ಕಡೆ ಹೊಡೆದುಹಾಕಬೇಕು. ಅದಕ್ಕೆ ಗೆರೆಗೆ ಕ್ರಮಸಂಖ್ಯೆ ಕೊಡುವುದೇ ಲೇಸು. ತುದಿಗಳ ಹೆಸರಿನಿಂದ ಗುರುತಿಸಿದರೆ, ಕೊನಿಗ್ಸ್‌ಬರ್ಗಿನಲ್ಲಿದ್ದ ಹಾಗೆ ಅವೇ ಎರಡು ನೆಲಗಳ ನಡುವೆ ಎರಡು ಸೇತುವೆಗಳಿದ್ದಾಗ ಒಂದನ್ನು ಅಳಿಸಿದರೆ ಎರಡೂ ಅಳಿಯುತ್ತವೆ.

ತೂಕ ಸರಿಯಿದ್ದರೂ ಸುತ್ತು ಸಿಗದ ಸಂದರ್ಭವೂ ಒಂದಿದೆ. ನಮ್ಮ ನಕ್ಷೆಯಿಂದ ಜ, ಭ, ಸ ಮೂರನ್ನೂ ಅಳಿಸಿ ನೋಡಿ. ಪ್ರತಿ ಬಿಂದುವಿನಲ್ಲೂ ಒಳ-ಹೊರ ಲೆಕ್ಕ ಸರಿಯಾಗಿಯೇ ಉಳಿಯುತ್ತದೆ. ಆದರೆ ನಗಣದ ಕುಣಿಕೆ ಮಾತ್ರ ಯಾರಿಗೂ ಅಂಟದೆ ದ್ವೀಪವಾಗುತ್ತದೆ. ಲಘು-ಗುರುವಿನಿಂದ ಹೊರಟರೆ ಯ, ಮ, ತ, ರ ಮುಗಿಸಿ ವಿಧಾನ ಸಮಾಧಾನದಿಂದ ನಿಂತುಬಿಡುತ್ತದೆ, ತಪ್ಪೆಂದು ಹೇಳುವುದಿಲ್ಲ. ಗೆರೆಗಳೆಲ್ಲ ಒಂದೇ ತುಂಡಾಗಿ ಕೂಡಿರಬೇಕು ಎಂಬುದು ಎರಡನೆಯ ನಿಯಮ. ಅದನ್ನು ಪರೀಕ್ಷಿಸುವ ಸುಲಭ ದಾರಿ ಕೊನೆಯಲ್ಲಿ ಎಣಿಸುವುದು: ಬಾಣಗಳು ಐದು, ಬರೆದ ಹೆಸರು ನಾಲ್ಕು ಎಂದಾದರೆ ನಕ್ಷೆ ಒಡೆದಿದೆ.

ವಿಧಾನ ಒಂದು ಸುತ್ತನ್ನು ಕೊಡುತ್ತದೆ. ಅದೊಂದೇ ಸುತ್ತು ಎಂದು ಹೇಳುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಯ ಬದಲು ಜ, ಆಮೇಲೆ ರ ಹಿಡಿದಿದ್ದರೆ ‘ಜರಾಯಮಾತಾಭಾನಸಲಗಂ’ ಬರುತ್ತಿತ್ತು. ಓದಿ ನೋಡಿ, ಎಂಟೂ ಗಣಗಳು ಅಲ್ಲೂ ಸರಿಯಾಗಿವೆ. ಮೂರಕ್ಷರದ ಗಣಗಳಿಗೆ ಇಂಥ ಬಳೆಗಳು ಈ ಎರಡೇ. ನಾಲ್ಕಕ್ಷರದ ಗಣಗಳಿದ್ದಿದ್ದರೆ ಹದಿನಾರು ಬಳೆಗಳಿರುತ್ತಿದ್ದವು, ಐದಕ್ಷರಕ್ಕೆ 2,048. ಪೆವ್ಜ್‌ನರ್, ಟ್ಯಾಂಗ್, ವಾಟರ್‌ಮನ್ ಎಂಬ ವಿಜ್ಞಾನಿಗಳು 2001ರಲ್ಲಿ ಡಿಎನ್‌ಎ ಚೂರುಗಳನ್ನು ಇದೇ ಬಗೆಯ ನಕ್ಷೆಯ ಗೆರೆಗಳಾಗಿಸಿ, ಆಯ್ಲರನ ದಾರಿಯಾಗಿ ಜೋಡಿಸುವ ವಿಧಾನ ಪ್ರಕಟಿಸಿದಾಗ ಎದುರಾದ ತೊಡಕೂ ಇದೇ. ಜೀವಿಯ ಡಿಎನ್‌ಎಯಲ್ಲಿ ಒಂದೇ ತುಣುಕು ಹಲವೆಡೆ ಮರುಕಳಿಸಿದಾಗ ದಾರಿಗಳು ಕವಲೊಡೆಯುತ್ತವೆ. ಎಲ್ಲ ಗೆರೆಗಳನ್ನೂ ಒಮ್ಮೊಮ್ಮೆ ಬಳಸುವ ದಾರಿಗಳು ಅನೇಕ, ಆ ಜೀವಿಯದು ಅವುಗಳಲ್ಲಿ ಒಂದು. ಅದು ಯಾವುದೆಂದು ಗೆರೆಗಳ ಲೆಕ್ಕ ಹೇಳಲಾರದು. ಮರುಕಳಿಕೆಯನ್ನು ಪೂರ್ತಿ ದಾಟುವಷ್ಟು ಉದ್ದದ ಚೂರುಗಳು ಸಿಕ್ಕರೆ ಮಾತ್ರ ಗೊತ್ತಾಗುತ್ತದೆ.